ಮುಡಿ ಕೊಡುವ ಊರಿನಿಂದ ಮುಡಿ ಕಾಯುವವರತ್ತ

ನಂಜನಗೂಡಿನಲ್ಲಿ ಕಪಿಲೆಯ ದಡಕ್ಕೆ ಬೆಳಗ್ಗೆ ಹೋದರೆ ಮುಡಿ ಕೊಡುವವರು ಕಾಣಸಿಗುತ್ತಾರೆ. ಹರಕೆ ಹೊತ್ತ ಅಪ್ಪ, ಅವನ ತೊಡೆಯ ಮೇಲೆ ರಚ್ಚೆ ಹಿಡಿದ ಮಗು, ನೀರು ಚಿಮುಕಿಸಿ ಕತ್ತಿ ಆಡಿಸುವ ಕೈ. ಕೂದಲು ಶ್ರೀಕಂಠೇಶ್ವರನಿಗೆ ಸಂದಿತು, ಹರಕೆ ತೀರಿತು! ಅದೇ ಕಪಿಲೆಯ ಜಾಡು ಹಿಡಿದು ತಿರುಮಕೂಡಲು ನರಸೀಪುರಕ್ಕೆ ಬನ್ನಿ. ಅಲ್ಲಿ ಅವಳು ಕಾವೇರಿಯನ್ನು ಕೂಡುತ್ತಾಳೆ. 1989ರಲ್ಲಿ ಆರಂಭವಾದ ಕುಂಭಮೇಳ ನಡೆಯುವುದು ಈ ಸಂಗಮದಲ್ಲೇ. ಮೇಳಕ್ಕೆ ಬರುವ ಸಾಧುಗಳಲ್ಲಿ ಜಡೆಗಟ್ಟಿದ ಕೂದಲಿನವರಿರುತ್ತಾರೆ. ಬಾಚಣಿಗೆ ಮುಟ್ಟದ ಆ ಜಟೆಯೇ ಅವರು ಸಂಸಾರ ಬಿಟ್ಟವರೆಂಬುದರ ಗುರುತು. ಒಬ್ಬ ಕೂದಲನ್ನು ದೇವರಿಗೆ ಕೊಡುತ್ತಾನೆ, ಇನ್ನೊಬ್ಬ ಅದನ್ನು ಅದರ ಪಾಡಿಗೆ ಬಿಟ್ಟುಬಿಡುತ್ತಾನೆ. ನಮ್ಮ ಸೀಮೆಯವರಿಗೆ ಭಕ್ತಿಯ ತಲೆ ಎಂದರೆ ಈ ಎರಡೇ ಬಗೆ ಎಂದು ತೋರಿದರೆ ಅಚ್ಚರಿಯಿಲ್ಲ.

ಆದರೆ ಮೂರನೆಯ ಬಗೆಯೊಂದಿದೆ. ಅದರ ಮೊದಲ ಐವರಲ್ಲಿ ಒಬ್ಬರು ನಮ್ಮ ಬೀದರಿನವರು!

1699ರ ಬೈಸಾಖಿ. ಪಂಜಾಬಿನ ಆನಂದಪುರದಲ್ಲಿ ಜನಸಾಗರ. ಗುರು ಗೋವಿಂದರು ಕತ್ತಿ ಹಿರಿದು ನಿಂತು, ಧರ್ಮಕ್ಕಾಗಿ ತಲೆ ಕೊಡುವವರು ಯಾರು ಎಂದು ಕೇಳಿದರು. ಸಿಖ್ಖರ ಪರಂಪರೆ ಹೇಳುವಂತೆ ಒಬ್ಬರಾದ ಮೇಲೆ ಒಬ್ಬರು ಎದ್ದ ಐವರು ಇವರು: ಲಾಹೋರಿನ ದಯಾ ರಾಮ್, ಹಸ್ತಿನಾಪುರದ ಧರಮ್ ದಾಸ್, ಜಗನ್ನಾಥ ಪುರಿಯ ಹಿಮ್ಮತ್ ರಾಯ್, ದ್ವಾರಕೆಯ ಮೊಹಕಮ್ ಚಂದ್, ಬೀದರಿನ ಸಾಹಿಬ್ ಚಂದ್. ಈ ಸಾಹಿಬ್ ಚಂದ್ ಕ್ಷೌರಿಕ ಮನೆತನದವರು. ಕೂದಲು ಕತ್ತರಿಸುವುದನ್ನೇ ಕುಲಕಸುಬಾಗಿ ಪಡೆದು ಹುಟ್ಟಿದವರೊಬ್ಬರು ಇನ್ನು ಮುಂದೆ ಕೂದಲಿಗೆ ಕತ್ತರಿ ತಾಗಿಸುವುದಿಲ್ಲ ಎಂಬ ದೀಕ್ಷೆಗೆ ಎದ್ದು ನಿಂತರು! ಇದನ್ನು ತಿಳಿದ ಮೇಲೆ ಸಿಖ್ಖರ ಐದು ಕಕಾರಗಳನ್ನು ನಾನು ನೋಡುವ ಕಣ್ಣೇ ಬದಲಾಯಿತು.

ಆ ಐದು ಇವು: ಕೇಶ, ಕಂಘಾ, ಕಡಾ, ಕಛೇರಾ, ಕಿರ್ಪಾಣ್. ಅವುಗಳನ್ನು ಬಿಡಿಬಿಡಿಯಾಗಿ ನೋಡಿದರೆ ಅರ್ಥ ಕೈಗೆ ಸಿಗುವುದಿಲ್ಲ, ಜೋಡಿಯಾಗಿ ನೋಡಬೇಕು. ಸಮಾಜಶಾಸ್ತ್ರಜ್ಞ ಜೆ.ಪಿ.ಎಸ್. ಉಬೆರಾಯ್ ಈ ಜೋಡಿಗಳನ್ನು ಗುರುತಿಸಿ ಬರೆದಿದ್ದಾರೆ. ಅದನ್ನು ಓದುವಾಗ ನನಗೆ ನಂಜನಗೂಡೂ ನರಸೀಪುರವೂ ಒಟ್ಟಿಗೇ ನೆನಪಾದವು.

ಕೇಶವೆಂದರೆ ತಲೆಗೂದಲಷ್ಟೇ ಅಲ್ಲ, ಮೈಮೇಲಿನ ಎಲ್ಲ ಕೂದಲೂ ಸೇರುತ್ತದೆ. ದೇವರು ಕೊಟ್ಟ ಮೈಯನ್ನು ಕೊಟ್ಟ ಹಾಗೆಯೇ ಒಪ್ಪಿಕೊಳ್ಳುವುದು ಅದರ ಅರ್ಥ. ಇಷ್ಟೇ ಆಗಿದ್ದರೆ ನರಸೀಪುರದ ಜಟಾಧಾರಿಗೂ ಸಿಖ್ಖನಿಗೂ ಅಂತರವೇ ಇರುತ್ತಿರಲಿಲ್ಲ. ಅಂತರ ಹುಟ್ಟಿಸುವುದು ಕಂಘಾ, ಪುಟ್ಟದೊಂದು ಮರದ ಬಾಚಣಿಗೆ! ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕೂದಲನ್ನು ಬಿಚ್ಚಿ, ಸಿಕ್ಕು ಬಿಡಿಸಿ, ನೆತ್ತಿಯ ಮೇಲೆ ಗಂಟು ಹಾಕಿ, ಬಾಚಣಿಗೆಯನ್ನು ಆ ಗಂಟಿಗೇ ಸಿಕ್ಕಿಸಿಕೊಳ್ಳುವುದು ವಾಡಿಕೆ. ಅದರ ಮೇಲೆ ಪೇಟ. ನಾವು ದೂರದಿಂದ ಗುರುತಿಸುವ ಆ ಪೇಟ ಐದರ ಪಟ್ಟಿಯಲ್ಲಿ ಇಲ್ಲವೇ ಇಲ್ಲ! ಅದು ಕಾಯುವ ಬಾಚಣಿಗೆ ಇದೆ. ಕೂದಲನ್ನು ಕೊಡಲೂ ಇಲ್ಲ, ಜಡೆಗಟ್ಟಲು ಬಿಡಲೂ ಇಲ್ಲ. ಸಂತನಂತೆ ಬೆಳೆಸಿ ಗೃಹಸ್ಥನಂತೆ ಬಾಚಿಕೊಳ್ಳುವುದು! ಸಂಸಾರದೊಳಗಿದ್ದೇ ಸಾಧನೆ ಎಂಬ ಗುರು ನಾನಕರ ಇಡೀ ಬೋಧನೆ ದಿನಕ್ಕೆ ಎರಡು ಬಾರಿ ತಲೆಯ ಮೇಲೆ ನಡೆದುಹೋಗುತ್ತದೆ.

ಎರಡನೆಯ ಜೋಡಿ ಕಿರ್ಪಾಣ್ ಮತ್ತು ಕಡಾ. ಕಿರ್ಪಾಣ್ ಬಲಭುಜದಿಂದ ಇಳಿದ ಪಟ್ಟಿಯಲ್ಲಿ ಎಡಸೊಂಟದ ಬಳಿ ತೂಗುತ್ತದೆ. ನಿರ್ಬಲರನ್ನು ಕಾಯುವ ಹೊಣೆ ಅದು, ಬೆದರಿಸುವ ಆಯುಧವಲ್ಲ. ಎಷ್ಟು ಉದ್ದವಿರಬೇಕು ಎಂದು ಸಿಖ್ಖರ ನಡಾವಳಿ ಕಟ್ಟು ಹಾಕಿಲ್ಲ. ಆದರೆ ದೇಶದೊಳಗಿನ ವಿಮಾನದಲ್ಲಿ ಧರಿಸಿ ಹೋಗಲು ಅಲಗು 6 ಅಂಗುಲ, ಒಟ್ಟು ಉದ್ದ 9 ಅಂಗುಲ ಮೀರಬಾರದು. ಅದಕ್ಕೂ ಮಿಗಿಲಾದ ಮಾತೆಂದರೆ, ನಮ್ಮ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಈ ಕಿರ್ಪಾಣಿನ ಹೆಸರಿದೆ! ಅದನ್ನು ಧರಿಸುವುದು ಸಿಖ್ ಧರ್ಮಾಚರಣೆಯ ಭಾಗವೆಂದು ಅಲ್ಲಿ ಬರೆದಿಟ್ಟಿದ್ದಾರೆ.

ಆ ಕತ್ತಿ ಹಿಡಿಯುವ ಕೈಗೆ ಕಡಗ, ಅದೇ ಕಡಾ. ಚಿನ್ನವಲ್ಲ, ಬೆಳ್ಳಿಯಲ್ಲ, ಕಬ್ಬಿಣ ಅಥವಾ ಉಕ್ಕು. ಸುತ್ತು ತಿರುಗಿದರೂ ಆದಿಯಿಲ್ಲ ಅಂತ್ಯವಿಲ್ಲ ಎಂದು ಅದನ್ನು ದೇವರಿಗೆ ಹೋಲಿಸುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಅದರ ಇನ್ನೊಂದು ಕೆಲಸ. ಕೈ ಎತ್ತಿದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ. ಕೈ ಮಾಡುವ ಕೆಲಸ ಸರಿಯೇ ಎಂದು ಕೇಳುತ್ತದೆ. ಕೂದಲಿಗೆ ಬಾಚಣಿಗೆ ಹೇಗೋ ಕತ್ತಿಗೆ ಕಡಗ ಹಾಗೆ: ಒಂದು ಬಲ, ಒಂದು ಹದ!

ಇನ್ನು ಉಳಿದದ್ದು ಕಛೇರಾ, ಲಾಡಿ ಬಿಗಿಯುವ ಸಡಿಲ ಚಡ್ಡಿ. ಓಡಲು, ಕುದುರೆ ಏರಲು ಅಡ್ಡಿಯಿಲ್ಲದ ಉಡುಪು. ಇಂದ್ರಿಯ ನಿಗ್ರಹದ ನೆನಪೂ ಹೌದು. ಗಂಡಸರಿಗೂ ಹೆಂಗಸರಿಗೂ ಅದು ಒಂದೇ, ಐದೂ ಒಂದೇ. ದೀಕ್ಷೆ ಪಡೆದ ಹೆಣ್ಣುಮಗಳೂ ಕಿರ್ಪಾಣ್ ತೊಡುತ್ತಾಳೆ. ಯುದ್ಧದಲ್ಲಿ ಕಾದಾಡಿದ ಮಾಯಿ ಭಾಗೋ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಬೀದರಿನ ಹತ್ತಿರದ ಜನವಾಡದಲ್ಲಿ ಎಂದು ಸಿಖ್ಖರು ನಂಬುತ್ತಾರೆ. ಅಲ್ಲಿ ಅವರ ಹೆಸರಿನ ಗುರುದ್ವಾರವೂ ಇದೆ. ನಾನಕ್ ಝೀರಾದ ಚಿಲುಮೆ ನೋಡಲು ಬೀದರಿಗೆ ಹೋಗುವವರು ಇದನ್ನೂ ನೋಡಿ ಬರಬೇಕು.

ಈ ಐದನ್ನು ಅಂಗಡಿಯಲ್ಲಿ ಕೊಂಡು ತೊಟ್ಟರೆ ದೀಕ್ಷೆಯಾಗುವುದಿಲ್ಲ. ತೊಟ್ಟು ಬಂದು ಅಮೃತ ಪಡೆಯಬೇಕು. ಕಬ್ಬಿಣದ ಬೋಗುಣಿಯಲ್ಲಿ ಶುದ್ಧ ನೀರು, ಅದಕ್ಕೆ ಬತ್ತಾಸು. ಐವರು ದೀಕ್ಷಿತರು ವೀರಾಸನದಲ್ಲಿ ಬೋಗುಣಿಯ ಸುತ್ತ ಕೂರುತ್ತಾರೆ. ಒಬ್ಬೊಬ್ಬರಾಗಿ ಇಬ್ಬಾಯಿ ಖಡ್ಗದಿಂದ ಆ ನೀರನ್ನು ಕಡೆಯುತ್ತ ಐದು ಪ್ರಾರ್ಥನೆಗಳನ್ನು ಹೇಳುತ್ತಾರೆ. ಉಳಿದವರ ಕೈ ಬೋಗುಣಿಯ ಅಂಚಿನ ಮೇಲೆ, ಕಣ್ಣು ನೀರಿನ ಮೇಲೆ. ಆಮೇಲೆ ದೀಕ್ಷೆಗೆ ಬಂದವರಿಗೆ ಐದು ಬೊಗಸೆ ಕುಡಿಯಲು, ಐದು ಬಾರಿ ಕಣ್ಣಿಗೆ, ಐದು ಬಾರಿ ಕೂದಲಿಗೆ. ಉಳಿದದ್ದನ್ನು ಎಲ್ಲರೂ ಒಂದೇ ಬೋಗುಣಿಯಿಂದ ಕುಡಿಯುತ್ತಾರೆ. ಜಾತಿ ಕೇಳಿ ನೀರು ಕೊಡುತ್ತಿದ್ದ ಕಾಲದಲ್ಲಿ ಆ ಮೊದಲ ಐವರು, ಅಂದರೆ ಖತ್ರಿ, ಜಾಟ, ನೀರು ಹೊರುವವ, ದರ್ಜಿ, ಕ್ಷೌರಿಕ, ಒಂದೇ ಪಾತ್ರೆಗೆ ಬಾಯಿ ಇಟ್ಟದ್ದನ್ನು ಊಹಿಸಿಕೊಳ್ಳಿ!

ದೀಕ್ಷೆಯ ನಂತರ ದೊಡ್ಡ ತಪ್ಪುಗಳೆಂದು ನಾಲ್ಕನ್ನು ಎಣಿಸುತ್ತಾರೆ: ಕೂದಲು ಕತ್ತರಿಸುವುದು, ಹಲಾಲ್ ಕ್ರಮದ ಮಾಂಸ ತಿನ್ನುವುದು, ಪರಸಂಗ, ತಂಬಾಕು. ಇವುಗಳಲ್ಲಿ ಒಂದನ್ನು ಮಾಡಿದರೂ ದೀಕ್ಷೆ ಮುರಿಯಿತು. ಆದರೆ ಬಾಗಿಲು ಮುಚ್ಚುವುದಿಲ್ಲ. ಐವರ ಮುಂದೆ ನಿಂತು ತಪ್ಪೊಪ್ಪಿಕೊಂಡು, ಅವರು ವಿಧಿಸಿದ ಸೇವೆ ಮಾಡಿ, ಮತ್ತೆ ಅಮೃತ ಪಡೆಯಬಹುದು. ತೀರ್ಪು ಹೇಳುವವನು ಒಬ್ಬ ಪೂಜಾರಿಯಲ್ಲ, ಯಾವತ್ತೂ ಐವರು.

ಆ ಐವರ ಅಧಿಕಾರ ಎಷ್ಟು ದೊಡ್ಡದು ಎಂಬುದಕ್ಕೆ 1699ರ ಆ ದಿನವೇ ಸಾಕ್ಷಿ. ಐವರಿಗೂ ಅಮೃತ ಕೊಟ್ಟು, ಸಾಹಿಬ್ ಚಂದರನ್ನು ಸಾಹಿಬ್ ಸಿಂಗ್ ಮಾಡಿದ ಗುರುಗಳು ಮರುಗಳಿಗೆಯಲ್ಲಿ ಅದೇ ಐವರ ಮುಂದೆ ಕೈಜೋಡಿಸಿ ನಿಂತು, ನನಗೂ ದೀಕ್ಷೆ ಕೊಡಿ ಎಂದು ಕೇಳಿದರು! ಗೋವಿಂದ ರಾಯರನ್ನು ಗೋವಿಂದ ಸಿಂಗ್ ಮಾಡಿದ ಐವರಲ್ಲಿ ಬೀದರಿನ ಸಾಹಿಬ್ ಸಿಂಗರೂ ಒಬ್ಬರು. ಆನಂದಪುರದಲ್ಲಿ ಕೊಡಲು ಎದ್ದಿದ್ದ ತಲೆಯನ್ನು ಅವರು ಮುಂದೆ ಚಮಕೌರ್ ಕಾಳಗದಲ್ಲಿ ಕೊಟ್ಟೇಬಿಟ್ಟರು.