ಅಣಕು ವೈವಾದಲ್ಲಿ ಬೊಮ್ಮಾಯಿ ತೀರ್ಪು

ಎಲ್‌ಎಲ್‌.ಎಂ. ಪ್ರಬಂಧ ಬರೆದ ವಿದ್ಯಾರ್ಥಿ ಪರೀಕ್ಷಕರ ಎದುರು ಕುಳಿತು ಅದನ್ನು ಸಮರ್ಥಿಸಿಕೊಳ್ಳಬೇಕಾದ ಮೌಖಿಕ ಪರೀಕ್ಷೆಗೆ ಕಾಲೇಜಿನ ಮಾತಿನಲ್ಲಿ ವೈವಾ ಎನ್ನುತ್ತಾರೆ. ಅದಕ್ಕೂ ಮೊದಲು ವಿಭಾಗದ ಒಳಗೇ ನಡೆಯುವ ತಾಲೀಮು ಅಣಕು ವೈವಾ. ಪ್ರಬಂಧ ಬೈಂಡಿಂಗ್‌ಗೆ ಹೋಗುವ ಮುಂಚೆಯೇ ಇದು ಮುಗಿದಿರಬೇಕು. ಸಲ್ಲಿಸಿದ ಮೇಲೆ ನಡೆಸಿದರೆ ವಿದ್ಯಾರ್ಥಿ ತನ್ನ ಉತ್ತರವನ್ನಷ್ಟೇ ತಿದ್ದಿಕೊಳ್ಳಬಹುದು, ಪ್ರಬಂಧವನ್ನಲ್ಲ. ಪರೀಕ್ಷಕರ ಜಾಗದಲ್ಲಿ ಗೈಡ್ ಕೂರಬಾರದು. ತಿಂಗಳುಗಟ್ಟಲೆ ಕರಡು ಓದಿದವರು, ವಿದ್ಯಾರ್ಥಿ ಹೇಳದೆ ಬಿಟ್ಟದ್ದನ್ನೂ ಮನಸ್ಸಿನಲ್ಲೇ ತುಂಬಿಕೊಂಡು ಕೇಳುತ್ತಾರೆ. ಪ್ರಬಂಧವನ್ನು ಹೊಸದಾಗಿ ಓದಿದ ಇಬ್ಬರು ಪ್ರಶ್ನೆ ಕೇಳಬೇಕು. ಗೈಡ್ ಮೂಲೆಯಲ್ಲಿ ಕುಳಿತು, ವಿದ್ಯಾರ್ಥಿ ಎಲ್ಲೆಲ್ಲಿ ತಡವರಿಸಿದಳು ಎಂದು ಪುಟಸಂಖ್ಯೆಯೊಡನೆ ಬರೆದುಕೊಳ್ಳಬೇಕು.

ಸಂವಿಧಾನ ಕಾನೂನಿನ ಪ್ರಬಂಧಕ್ಕೆ ಇಂಥ ತಾಲೀಮು ಹೇಗೆ ನಡೆಯುತ್ತದೆ ಎಂಬುದನ್ನು ಕನ್ನಡಿಗರಿಗೆ ಹತ್ತಿರದ ಒಂದು ವಿಷಯದಲ್ಲಿ ನೋಡಬಹುದು. ವಿದ್ಯಾರ್ಥಿನಿಯೊಬ್ಬಳು ಎಸ್.ಆರ್. ಬೊಮ್ಮಾಯಿ ಪ್ರಕರಣದ ಮೇಲೆ ಬರೆದಿದ್ದಾಳೆ ಎಂದುಕೊಳ್ಳೋಣ. ಅವಳ ಮುಖ್ಯ ವಾದ ಒಂದೇ ವಾಕ್ಯದ್ದು: ‘1994ರ ಬೊಮ್ಮಾಯಿ ತೀರ್ಪು 356ನೇ ವಿಧಿಯ ದುರ್ಬಳಕೆಗೆ ಕಡಿವಾಣ ಹಾಕಿತು.’

ಮೊದಲ ಪ್ರಶ್ನೆ ಸುಲಭದ್ದೇ ಇರುತ್ತದೆ. ‘1989ರ ಏಪ್ರಿಲ್‌ನಲ್ಲಿ ಏನಾಯಿತು, ಹೇಳಮ್ಮ.’ ಇಲ್ಲಿ ಅವಳು ತಡವರಿಸುವುದಿಲ್ಲ. ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆ ಎಂಬ ಪತ್ರಗಳು ರಾಜ್ಯಪಾಲರ ಕೈಸೇರಿದವು. ಅವರು ರಾಷ್ಟ್ರಪತಿಗೆ ವರದಿ ಕಳಿಸಿದರು. ಅಷ್ಟರಲ್ಲಿ ಆ ಪೈಕಿ ಏಳು ಮಂದಿ, ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿದೆ ಎಂದು ಬರೆದುಕೊಟ್ಟರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಮುಖ್ಯಮಂತ್ರಿ ಬೊಮ್ಮಾಯಿ ಹೇಳಿದರು. ಅದಕ್ಕೆ ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಹೈಕೋರ್ಟ್ ಅವರ ಅರ್ಜಿಯನ್ನು ವಜಾ ಮಾಡಿತು. ಐದು ವರ್ಷದ ನಂತರ ಸುಪ್ರೀಂ ಕೋರ್ಟ್ ಆ ಘೋಷಣೆ ಅಸಾಂವಿಧಾನಿಕ ಎಂದಿತು.

ಎರಡನೆಯ ಪ್ರಶ್ನೆಯಿಂದ ನೆಲ ಜಾರತೊಡಗುತ್ತದೆ. ‘ನಿಮ್ಮ ಪ್ರಬಂಧದಲ್ಲಿ ಪದೇ ಪದೇ “ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು” ಅಂತ ಬರೆದಿದ್ದೀರಿ. ಒಂಬತ್ತೂ ಜನ ಹೇಳಿದರೇ?’ ಹೌದು ಸರ್ ಎಂದರೆ ಅಲ್ಲಿಗೆ ಮುಗಿಯಿತು. ಪೀಠದಲ್ಲಿದ್ದವರು ಒಂಬತ್ತು ಮಂದಿ, ಆದರೆ ಬಂದದ್ದು ಆರು ಪ್ರತ್ಯೇಕ ತೀರ್ಪುಗಳು. ನ್ಯಾಯಮೂರ್ತಿ ಸಾವಂತ್ ಅವರ ಬರಹದ ಜೊತೆ ಕುಲದೀಪ್ ಸಿಂಗ್ ಇದ್ದರು, ಜೀವನ್ ರೆಡ್ಡಿ ಅವರ ಜೊತೆ ಅಗರ್‌ವಾಲ್ ಇದ್ದರು, ಪಾಂಡಿಯನ್ ಇವರ ಜೊತೆ ಸೇರಿದ್ದರಿಂದ ಐವರ ಬಹುಮತವಾಯಿತು. ಅಹ್ಮದಿ, ವರ್ಮಾ, ದಯಾಳ್ ಅವರು ನ್ಯಾಯಾಲಯ ಇಂಥ ಘೋಷಣೆಗಳನ್ನು ಪರಿಶೀಲಿಸುವ ವ್ಯಾಪ್ತಿ ಬಹಳ ಕಿರಿದು ಎಂದೇ ಭಾವಿಸಿದ್ದರು.

ಒಳ್ಳೆಯ ಪರೀಕ್ಷಕರು ತಪ್ಪು ಸಿಕ್ಕಿತೆಂದು ಅಲ್ಲಿಗೇ ಬಿಡುವುದಿಲ್ಲ. ‘ಹಾಗಾದರೆ ಆ ಐವರೂ ಒಪ್ಪಿದ ಮಾತು ಯಾವುದು?’ ಎಂದು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಮಂತ್ರಿಮಂಡಲ ಏನು ಸಲಹೆ ಕೊಟ್ಟಿತು ಎಂದು 74ನೇ ವಿಧಿಯ ಪ್ರಕಾರ ಕೋರ್ಟು ಕೇಳುವಂತಿಲ್ಲ, ಆದರೆ ಆ ಸಲಹೆಗೆ ಆಧಾರವಾದ ದಾಖಲೆಗಳನ್ನು ನೋಡಬಹುದು. ಬಹುಮತ ಇದೆಯೋ ಇಲ್ಲವೋ ಎಂಬುದು ರಾಜ್ಯಪಾಲರ ಕೋಣೆಯಲ್ಲಲ್ಲ, ಸದನದಲ್ಲಿ ತೀರ್ಮಾನವಾಗಬೇಕು. ಸಂಸತ್ತಿನ ಎರಡೂ ಸದನಗಳು ಘೋಷಣೆಗೆ ಒಪ್ಪಿಗೆ ಕೊಡುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿಡಬಹುದೇ ಹೊರತು ವಿಸರ್ಜಿಸುವಂತಿಲ್ಲ. ಈ ಮೂರು ಮಾತು ಬಾಯಿಗೆ ಬರಬೇಕಾದರೆ ಮೂಲ ತೀರ್ಪುಗಳನ್ನೇ ಓದಿರಬೇಕು. ಪಠ್ಯಪುಸ್ತಕದ ಸಾರಾಂಶ ಓದಿದವರು ಹೆಚ್ಚಾಗಿ ಎಡವುವುದು ಇಲ್ಲೇ.

ನಿಜವಾದ ಬಿರುಕು ಇರುವುದು ‘ಕಡಿವಾಣ ಹಾಕಿತು’ ಎಂಬ ಕ್ರಿಯಾಪದದಲ್ಲಿ. ತೀರ್ಪಿನ ನಂತರ ರಾಷ್ಟ್ರಪತಿ ಆಳ್ವಿಕೆ ಕಡಿಮೆಯಾಯಿತು ಎಂದು ವಿದ್ಯಾರ್ಥಿನಿ ಪಟ್ಟಿ ತೋರಿಸುತ್ತಾಳೆ. ಆಗ ಪರೀಕ್ಷಕರ ಪ್ರಶ್ನೆ: ‘ಕಡಿಮೆಯಾದದ್ದು ತೀರ್ಪಿನಿಂದಲೇ ಅಂತ ಹೇಗೆ ಹೇಳ್ತೀರಿ?’ 1989ರಿಂದ 2014ರವರೆಗೆ ಲೋಕಸಭೆಯಲ್ಲಿ ಯಾವ ಪಕ್ಷಕ್ಕೂ ಚುನಾವಣೆಯಲ್ಲಿ ಸ್ವಂತ ಬಹುಮತ ಸಿಗಲಿಲ್ಲ. ಪ್ರಾದೇಶಿಕ ಪಕ್ಷಗಳ ಬೆಂಬಲದ ಮೇಲೆ ನಿಂತ ಕೇಂದ್ರ ಸರ್ಕಾರಕ್ಕೆ ರಾಜ್ಯ ಸರ್ಕಾರಗಳನ್ನು ಕಿತ್ತುಹಾಕುವುದು ಸುಲಭವಿರಲಿಲ್ಲ. 1997ರಲ್ಲಿ ಉತ್ತರ ಪ್ರದೇಶದ ವಿಷಯದಲ್ಲಿ, 1998ರಲ್ಲಿ ಬಿಹಾರದ ವಿಷಯದಲ್ಲಿ ಮಂತ್ರಿಮಂಡಲದ ಶಿಫಾರಸನ್ನು ಮರುಪರಿಶೀಲನೆಗೆ ಹಿಂದಕ್ಕೆ ಕಳಿಸಿದವರು ರಾಷ್ಟ್ರಪತಿ ಕೆ.ಆರ್. ನಾರಾಯಣನ್. 1999ರಲ್ಲಿ ಬಿಹಾರದ ಘೋಷಣೆ ಹೊರಬಿದ್ದರೂ ರಾಜ್ಯಸಭೆಯಲ್ಲಿ ಸಂಖ್ಯೆ ಸಾಲದೆ ಅದನ್ನು ವಾಪಸು ಪಡೆಯಬೇಕಾಯಿತು. ಇವುಗಳಲ್ಲಿ ಯಾವುದನ್ನೂ ತಡೆದದ್ದು ಕೋರ್ಟಿನ ಆದೇಶವಲ್ಲ.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾರೆ. ಒಂದು, ಹಟ ಹಿಡಿದು ಅದೇ ವಾಕ್ಯವನ್ನು ಇನ್ನೂ ಜೋರಾಗಿ ಹೇಳುವುದು. ಇನ್ನೊಂದು, ‘ಹೌದು ಸರ್, ಅದು ತಪ್ಪು’ ಎಂದು ಇಡೀ ಪ್ರಬಂಧವನ್ನೇ ಕೈಬಿಡುವುದು. ಎರಡನೆಯದು ವಿನಯದಂತೆ ಕಂಡರೂ ಹೆಚ್ಚು ಹಾನಿ ಮಾಡುತ್ತದೆ, ಯಾಕೆಂದರೆ ವಾದದಲ್ಲಿ ಗಟ್ಟಿಯಾಗಿದ್ದ ಭಾಗವೂ ಅದರ ಜೊತೆಗೇ ಹೋಗುತ್ತದೆ. ಸರಿಯಾದ ದಾರಿ ವಾದವನ್ನು ಆಧಾರ ಇರುವಷ್ಟಕ್ಕೆ ಇಳಿಸುವುದು. ನಾರಾಯಣನ್ ಅವರ ಮುಂದೆಯೂ ಆ ಹೊತ್ತಿಗೆ ಬೊಮ್ಮಾಯಿ ತೀರ್ಪು ಇತ್ತು. ರಾಜಕೀಯ ಕಾರಣಗಳಿಂದ ತಗ್ಗಿದ ಬಳಕೆಯನ್ನು ಪ್ರಶ್ನಿಸಲು ತೀರ್ಪು ಒಂದು ಅಳತೆಗೋಲು ಕೊಟ್ಟಿತು ಎಂದರೆ ಅದನ್ನು ಸಮರ್ಥಿಸಬಹುದು. ಎಲ್ಲವನ್ನೂ ತೀರ್ಪೇ ಮಾಡಿತು ಎಂದರೆ ಆಗದು.

ಕೊನೆಯ ಅಧ್ಯಾಯದಲ್ಲಿ ಇನ್ನೊಂದು ಎಡವಟ್ಟು ಕಾದಿರುತ್ತದೆ. 2018ರ ಮೇ ತಿಂಗಳಲ್ಲಿ ಕರ್ನಾಟಕದ ರಾಜ್ಯಪಾಲರು ಯಡಿಯೂರಪ್ಪ ಅವರಿಗೆ ಬಹುಮತ ಸಾಬೀತಿಗೆ 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ 18ರಂದು ಆದೇಶ ಮಾಡಿ, ಮರುದಿನವೇ ಸದನದಲ್ಲಿ ಮತ ಆಗಬೇಕು ಎಂದಿತು. ಮತಕ್ಕೆ ಮುಂಚೆಯೇ ಅವರು ರಾಜೀನಾಮೆ ಕೊಟ್ಟರು. ವಿದ್ಯಾರ್ಥಿನಿ ಇದನ್ನು 356ನೇ ವಿಧಿಗೆ ಬಿದ್ದ ಕಡಿವಾಣದ ಉದಾಹರಣೆಯಾಗಿ ಕೊಟ್ಟಿದ್ದಾಳೆ. ಪರೀಕ್ಷಕರು ಕೇಳುತ್ತಾರೆ: ‘ಇಲ್ಲಿ 356 ಎಲ್ಲಿ ಬಂತಮ್ಮ?’ ಬರಲೇ ಇಲ್ಲ. ಅದು ಮುಖ್ಯಮಂತ್ರಿಯ ನೇಮಕದ, ಅಂದರೆ 164ನೇ ವಿಧಿಯ ಪ್ರಶ್ನೆ. ಬೊಮ್ಮಾಯಿ ತೀರ್ಪಿನ ಸದನ ಪರೀಕ್ಷೆಯ ತತ್ವ ತನ್ನ ಮೂಲ ವಿಧಿಯನ್ನು ದಾಟಿ ಬೇರೆಡೆಗೂ ಹೋಯಿತು ಎಂದು ತೋರಿಸಲು ಈ ಉದಾಹರಣೆ ಚೆನ್ನಾಗಿ ಒದಗುತ್ತದೆ. ಅವಳು ಅದನ್ನು ತಪ್ಪು ಅಧ್ಯಾಯದಲ್ಲಿ ಇಟ್ಟಿದ್ದಳು, ಅಷ್ಟೆ.

ಕೊನೆಗೆ ಪರಿಹಾರದ ಪ್ರಶ್ನೆ ಬರುತ್ತದೆ. ಗೆದ್ದ ಬೊಮ್ಮಾಯಿ ಅವರಿಗೆ ಸಿಕ್ಕಿದ್ದೇನು? 1989ರ ನವೆಂಬರ್‌ನಲ್ಲೇ ಹೊಸ ಚುನಾವಣೆ ನಡೆದುಹೋಗಿತ್ತು, ಅವರ ಸರ್ಕಾರ ಮರಳಿ ಬರಲಿಲ್ಲ. 2006ರಲ್ಲಿ ಬಿಹಾರ ವಿಧಾನಸಭೆಯ ವಿಸರ್ಜನೆ ಅಸಾಂವಿಧಾನಿಕ ಎಂದರೂ ಕೋರ್ಟು ಆ ಸಭೆಯನ್ನು ಮತ್ತೆ ಕೂರಿಸಲಿಲ್ಲ. ಅರುಣಾಚಲದಲ್ಲಿ ಹಿಂದಿನ ಸ್ಥಿತಿಯನ್ನು ಮರಳಿ ತಂದದ್ದು 2016ರಲ್ಲಿ. ತೀರ್ಪು ತಡವಾದರೆ ಅದಕ್ಕೆ ಏನು ಬೆಲೆ ಎಂಬ ಈ ಮಾತು ಪ್ರಬಂಧದಲ್ಲಿ ಒಂದು ಅಡಿಟಿಪ್ಪಣಿಯಾಗಿತ್ತು. ಅದಕ್ಕೆ ಒಂದು ಪೂರ್ತಿ ವಿಭಾಗವೇ ಬೇಕಿತ್ತು.

ಗೈಡ್ ಬರೆದುಕೊಂಡ ಹಾಳೆಯಲ್ಲಿ ಆಮೇಲೆ ಉಳಿಯುವುದು ನಾಲ್ಕು ತಿದ್ದುಪಡಿ. ‘ಪೀಠ’ ಎಂದಿರುವಲ್ಲೆಲ್ಲ ಯಾವ ನ್ಯಾಯಮೂರ್ತಿ ಎಂದು ಬರೆಯಬೇಕು, 2018ರ ಘಟನೆಯನ್ನು ಸರಿಯಾದ ಅಧ್ಯಾಯಕ್ಕೆ ಒಯ್ಯಬೇಕು, ಅಡಿಟಿಪ್ಪಣಿಯನ್ನು ಬೆಳೆಸಬೇಕು. ನಾಲ್ಕನೆಯದು ಮೊದಲ ಪುಟದ ಆ ವಾಕ್ಯ. ಅದು ಈಗ ಹೀಗಾಗುತ್ತದೆ: ‘1994ರ ಬೊಮ್ಮಾಯಿ ತೀರ್ಪು 356ನೇ ವಿಧಿಯ ಬಳಕೆಯನ್ನು ನ್ಯಾಯಾಲಯ ಪರಿಶೀಲಿಸುವಂತೆ ಮಾಡಿತು; ಆ ಬಳಕೆ ಕಡಿಮೆಯಾಗಲು ಅದೂ ಒಂದು ಕಾರಣ.’