ಮೂರರಲ್ಲಿ ಎರಡು ಪಾಲು ಎಲ್ಲಿ ಹೋಯಿತು?

ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯ ಆಳದಲ್ಲಿ, 1960ರ ದಶಕದಲ್ಲಿ, ರೇ ಡೇವಿಸ್ ಒಂದು ಭಾರೀ ತೊಟ್ಟಿ ಇಟ್ಟರು. ಒಳಗೆ ಸುಮಾರು 600 ಟನ್ ಡ್ರೈಕ್ಲೀನಿಂಗ್ ದ್ರವ. ಸೂರ್ಯನಿಂದ ಬಂದ ನ್ಯೂಟ್ರಿನೊ ಅದರಲ್ಲಿನ ಕ್ಲೋರಿನ್ ಪರಮಾಣುವಿಗೆ ತಾಗಿದರೆ ಆ ಪರಮಾಣು ಆರ್ಗಾನ್ ಆಗುತ್ತದೆ. ವಾರಗಟ್ಟಲೆ ಕಾದು, ಹೀಲಿಯಂ ಹಾಯಿಸಿ, ಬೆರಳೆಣಿಕೆಯ ಆ ಪರಮಾಣುಗಳನ್ನು ಡೇವಿಸ್ ಹೊರತೆಗೆಯುತ್ತಿದ್ದರು. ಸಿಕ್ಕಿದ್ದು ಜಾನ್ ಬಾಕಾಲ್ ಹಾಕಿದ್ದ ಲೆಕ್ಕದ ಮೂರನೇ ಒಂದು ಪಾಲು ಮಾತ್ರ.

ತಪ್ಪು ಪ್ರಯೋಗದ್ದೋ, ಲೆಕ್ಕದ್ದೋ? ಮೂರು ದಶಕ ಚರ್ಚೆ ನಡೆಯಿತು. ತಮಾಷೆಯೆಂದರೆ ಇಬ್ಬರೂ ಸರಿಯಿದ್ದರು.

ನ್ಯೂಟ್ರಿನೊಗಳಲ್ಲಿ ಎಲೆಕ್ಟ್ರಾನ್, ಮ್ಯೂಆನ್, ಟೌ ಎಂದು ಮೂರು ಬಗೆ. ಸೂರ್ಯ ಹುಟ್ಟಿಸುವುದು ಮೊದಲ ಬಗೆಯನ್ನಷ್ಟೇ. ಡೇವಿಸರ ತೊಟ್ಟಿ ಹಿಡಿಯುತ್ತಿದ್ದುದೂ ಅದನ್ನಷ್ಟೇ. ಕೆನಡಾದ ಸಡ್ಬರಿಯ ನಿಕ್ಕಲ್ ಗಣಿಯಲ್ಲಿ 1000 ಟನ್ ಭಾರಜಲ ತುಂಬಿದವರು ಎರಡು ಎಣಿಕೆ ಒಟ್ಟಿಗೆ ಮಾಡಿದರು. ಒಂದು ಕ್ರಿಯೆ ಎಲೆಕ್ಟ್ರಾನ್ ಬಗೆಗೆ ಮಾತ್ರ ಸ್ಪಂದಿಸುತ್ತದೆ. ಇನ್ನೊಂದರಲ್ಲಿ ಯಾವ ಬಗೆಯ ನ್ಯೂಟ್ರಿನೊ ಬಡಿದರೂ ಭಾರಜಲದ ಡ್ಯೂಟೀರಿಯಂ ಒಡೆದು ನ್ಯೂಟ್ರಾನ್ ಹೊರಬೀಳುತ್ತದೆ. 2002ರಲ್ಲಿ ಫಲಿತಾಂಶ ಬಂತು: ಎಲೆಕ್ಟ್ರಾನ್ ಬಗೆಯವು ಮೂರರಲ್ಲೊಂದು, ಒಟ್ಟು ಸಂಖ್ಯೆ ಮಾತ್ರ ಲೆಕ್ಕಕ್ಕೆ ಸರಿ. ಉಳಿದವು ದಾರಿಯಲ್ಲೇ ಬಗೆ ಬದಲಿಸಿದ್ದವು.

ಹೀಗೆ ಬದಲಾಗಬೇಕಾದರೆ ನ್ಯೂಟ್ರಿನೊಗಳಿಗೆ ದ್ರವ್ಯರಾಶಿ ಇರಲೇಬೇಕು. ಅದು ಎಷ್ಟೆಂದು ಈ ಪ್ರಯೋಗ ಹೇಳದು. ಬದಲಾವಣೆಯಿಂದ ತಿಳಿಯುವುದು ದ್ರವ್ಯರಾಶಿಗಳ ವರ್ಗಗಳ ನಡುವಿನ ವ್ಯತ್ಯಾಸವಷ್ಟೇ.