ಫೋಟೊ ನೋಡಿ ಬರೆದ ಚರ್ಮದ ಟಿಪ್ಪಣಿ

ಬ್ಯೂಟಿಶಿಯನ್ ಫೋಟೊ ನೋಡಿ ಬರೆದುಕೊಡುವ ಟಿಪ್ಪಣಿ ಕ್ರೀಮುಗಳ ಪಟ್ಟಿಯಿಂದ ಶುರುವಾಗಬಾರದು. ಕಂಡದ್ದೇನು, ಊಹೆಯೇನು ಎಂಬುದನ್ನು ಅದು ಮೊದಲು ಬೇರ್ಪಡಿಸಬೇಕು.

ನಲವತ್ತರ ಆಸುಪಾಸಿನ ಒಬ್ಬ ಗೃಹಿಣಿ ಎಂದುಕೊಳ್ಳಿ. ಮೇಕಪ್, ಫಿಲ್ಟರ್ ಇಲ್ಲದೆ, ಕಿಟಕಿಯ ಬೆಳಕಿನಲ್ಲಿ ಎದುರಿನಿಂದ ಮತ್ತು ಎರಡೂ ಪಕ್ಕದಿಂದ ತೆಗೆದ ಫೋಟೊ ಕಳಿಸಿದ್ದಾರೆ. ಎರಡೂ ಕೆನ್ನೆಗಳಲ್ಲಿ ಹೆಚ್ಚುಕಡಿಮೆ ಒಂದೇ ಆಕಾರದ ಕಂದು ಕಲೆ. ಟಿಪ್ಪಣಿಯಲ್ಲಿ ‘ಬಂಗು ಇರಬಹುದು’ ಎಂದಷ್ಟೇ ಇರಬೇಕು. ಕಲೆ ಎಷ್ಟು ಆಳಕ್ಕಿಳಿದಿದೆ ಎಂಬುದು ಫೋಟೊದಲ್ಲಿ ತಿಳಿಯದು.

ಆಮೇಲೆ ಸಲಹೆ. ಬ್ಲೀಚ್, ಒರಟು ಸ್ಕ್ರಬ್ ನಿಲ್ಲಿಸಬೇಕು. ಚರ್ಮ ಉರಿದರೆ ಬಂಗು ಇನ್ನಷ್ಟು ಕಪ್ಪಾಗಬಹುದು. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನನ್ನು ಎರಡು ಬೆರಳುದ್ದ ತೆಗೆದು ಹಚ್ಚಬೇಕು, ಬಿಸಿಲಿನಲ್ಲಿದ್ದರೆ 2 ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುವುದರಿಂದ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಮೇಲು.

ಕೊನೆಗೊಂದು ಪ್ರಶ್ನೆ ಇರಲೇಬೇಕು: ಮೆಡಿಕಲ್ ಅಂಗಡಿಯಿಂದ ತಂದ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದೀರಾ? ಅಂಥ ಕೆಲವು ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಮುಖ ಕೆಂಪಾಗಿ, ಸಣ್ಣ ರಕ್ತನಾಳಗಳು ಎದ್ದು ಕಾಣುತ್ತಿದ್ದರೆ ಪಾರ್ಲರಿನ ಕೆಲಸ ನಿಲ್ಲಿಸಿ ಚರ್ಮವೈದ್ಯರ ಬಳಿ ಕಳಿಸಬೇಕು.